ಹೊಳಪು ಎಷ್ಟು ಒಗೆತಕ್ಕೆ ಬರುತ್ತೆ? ಮೂರು ಫಿನಿಶ್‌ಗಳನ್ನು ನೀರಿಗೆ ಹಾಕಿ ನೋಡಿದೆ

ಒಮ್ಮೆ ಬಟ್ಟೆಯ ಹೊಳಪಿಗೆ ಮರುಳಾಗಿ ಶರ್ಟ್ ಹೊಲಿಸಿದ್ದೆ. ಮೊದಲ ಒಗೆತಕ್ಕೇ ಹೊಳಪು ಹೋಯಿತು, ತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲೇರಿತು. ಬಟ್ಟೆ ಕಳಪೆ ಅಂತ ಬೈದುಕೊಂಡೆ. ನಿಜ ಹೇಳಬೇಕೆಂದರೆ ಬಟ್ಟೆ ಅಷ್ಟೇನೂ ಕೆಟ್ಟದಿರಲಿಲ್ಲ. ನೇಯ್ದಾದ ಮೇಲೆ ಅದಕ್ಕೆ ಯಾವ ಫಿನಿಶ್ ಕೊಟ್ಟಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ಬಟ್ಟೆ ಫಿನಿಶಿಂಗ್ ಕೆಲಸದಲ್ಲಿರುವ ಗೆಳೆಯರೊಬ್ಬರನ್ನು ಕಾಡಿ ಮೂರು ತುಂಡು ತರಿಸಿಕೊಂಡೆ. ಮೂರೂ ಒಂದೇ ಬಗೆಯ ಬಿಳಿ ಹತ್ತಿ ಪಾಪ್ಲಿನ್. ಒಂದಕ್ಕೆ ಉರುಳೆಗಳ ನಡುವೆ ಒತ್ತುವ ಕ್ಯಾಲೆಂಡರಿಂಗ್ ಮಾತ್ರ, ಇನ್ನೊಂದಕ್ಕೆ ಕಾಸ್ಟಿಕ್ ಸೋಡಾದಲ್ಲಿ ಅದ್ದುವ ಮರ್ಸರೈಸಿಂಗ್ ಮಾತ್ರ, ಮತ್ತೊಂದಕ್ಕೆ ಬಟ್ಟೆಯನ್ನು ಮೊದಲೇ ಕುಗ್ಗಿಸಿಬಿಡುವ ಸ್ಯಾನ್‌ಫರೈಸಿಂಗ್ ಮಾತ್ರ. ಪ್ರತಿ ತುಂಡಿನ ಮೇಲೂ ಬಣ್ಣದ ದಾರದಿಂದ 50 ಸೆಂಟಿಮೀಟರ್ ಚೌಕ ಹೊಲಿದು ಗುರುತು ಮಾಡಿದೆ. ಉದ್ದದ ನೂಲಾದ ಹಾಸು ಯಾವ ಕಡೆ, ಅಡ್ಡ ನೂಲಾದ ಹೊಕ್ಕು ಯಾವ ಕಡೆ ಅಂತಲೂ ಮೂಲೆಯಲ್ಲಿ ಬರೆದಿಟ್ಟೆ.

ಒಗೆಯೋ ಮುಂಚೆ ಗೆದ್ದಿದ್ದು ಕ್ಯಾಲೆಂಡರ್ ತುಂಡೇ. ಗಾಜಿನಂಥ ಹೊಳಪು. ಮಡಚಿದರೆ ಹೊಸ ಕಾಗದದ ಹಾಗೆ ಸದ್ದು. ಕೈಗೆ ತೆಳ್ಳಗೆ, ಗರಿಗರಿ. ಮರ್ಸರೈಸ್ ಆದದ್ದರ ಹೊಳಪು ಬೇರೆ ತರಹ. ಹರಡಿಟ್ಟಾಗ ಅಷ್ಟೇನೂ ಕಾಣಲ್ಲ. ಕೈಯಲ್ಲಿ ಎತ್ತಿ ಇಳಿಬಿಟ್ಟರೆ ನೆರಿಗೆಗಳ ಮೇಲೆ ಬೆಳಕು ಹರಿದಾಡುತ್ತೆ. ಮುಟ್ಟಿದರೆ ತಂಪು, ಸ್ವಲ್ಪ ತುಂಬಿಕೊಂಡ ಹಾಗೆ. ಸ್ಯಾನ್‌ಫರೈಸ್ ಆದದ್ದು ಮೂರರಲ್ಲಿ ಸಪ್ಪೆ. ಒಂದು ಮಗ್ಗುಲು ಮಾತ್ರ ಇಸ್ತ್ರಿ ಮಾಡಿದಂತೆ ನುಣುಪಾಗಿತ್ತು. ಕೊನೆಯಲ್ಲಿ ಬಟ್ಟೆ ಬಿಸಿ ಉರುಳೆಗೆ ಒತ್ತಿಕೊಂಡು ಒಣಗುತ್ತಲ್ಲ, ಆ ಮಗ್ಗುಲು ಅದು. ಅಂಗಡಿಯಲ್ಲಾದರೆ ನಾನು ಇದನ್ನು ತಿರುಗಿಯೂ ನೋಡುತ್ತಿರಲಿಲ್ಲ.

ಮೂರನ್ನೂ ಸೋಪಿನ ನೀರಲ್ಲಿ ಒಗೆದೆ. ಹಿಂಡದೆ ನೆರಳಲ್ಲಿ ಒಣಗಿಸಿದೆ. ಇಸ್ತ್ರಿ ಮಾಡಲಿಲ್ಲ, ಯಾಕೆಂದರೆ ಇಸ್ತ್ರಿ ಅನ್ನೋದೇ ಒಂದು ಪುಟ್ಟ ಕ್ಯಾಲೆಂಡರಿಂಗ್. ಅದನ್ನು ಮಾಡಿದರೆ ಲೆಕ್ಕವೇ ತಪ್ಪುತ್ತೆ.

ಒಣಗಿದ ಮೇಲೆ ಕ್ಯಾಲೆಂಡರ್ ತುಂಡನ್ನು ಕೈಗೆ ತೆಗೆದುಕೊಂಡಾಗ ಬೇರೆ ಯಾವುದೋ ಬಟ್ಟೆ ಅನ್ನಿಸಿತು. ಹೊಳಪು ಇಲ್ಲ, ಸದ್ದು ಇಲ್ಲ. ಕಾರಣ ಸರಳ. ಈ ಫಿನಿಶ್‌ನಲ್ಲಿ ಬಟ್ಟೆಯನ್ನು ಬಿಸಿ ಉಕ್ಕಿನ ಉರುಳೆ ಮತ್ತು ಮೆತ್ತನೆಯ ಉರುಳೆಯ ನಡುವೆ ಭಾರಿ ಒತ್ತಡದಲ್ಲಿ ಹಾಯಿಸುತ್ತಾರೆ. ಜಾಸ್ತಿ ಹೊಳಪು ಬೇಕಾದರೆ ಉಕ್ಕಿನ ಉರುಳೆಯನ್ನು ಬಟ್ಟೆಗಿಂತ ವೇಗವಾಗಿ ತಿರುಗಿಸಿ ಉಜ್ಜಿಸುತ್ತಾರೆ. ದುಂಡಗಿದ್ದ ನೂಲು ಚಪ್ಪಟೆಯಾಗುತ್ತೆ, ನೂಲುಗಳ ನಡುವಿನ ಸಂದು ಮುಚ್ಚುತ್ತೆ, ಮೇಲ್ಮೈ ಸಪಾಟಾಗಿ ಬೆಳಕನ್ನು ಒಂದೇ ಕಡೆಗೆ ಎಸೆಯುತ್ತೆ. ಆದರೆ ನಾರಿನ ಒಳಗೆ ಏನೂ ಬದಲಾಗಿರೋದಿಲ್ಲ. ನೀರು ಕುಡಿದ ಹತ್ತಿ ಉಬ್ಬಿ, ನೂಲು ಮತ್ತೆ ದುಂಡಗಾಗುತ್ತೆ. ಗಂಜಿ ಹಚ್ಚಿ ಉಜ್ಜಿದ್ದರೆ ಗಂಜಿಯೂ ಸೋಪಿನ ಜೊತೆ ಹೋಗುತ್ತೆ. ರಾಳ ಸೇರಿಸಿ ಬಿಸಿಯಲ್ಲಿ ಕಟ್ಟಿಸಿದ ಹೊಳಪು ಮಾತ್ರ ಕೆಲವು ಒಗೆತ ತಡೆಯುತ್ತೆ.

ಮರ್ಸರೈಸ್ ತುಂಡಿಗೆ ಏನೂ ಆಗಿರಲಿಲ್ಲ. ಐದನೇ ಒಗೆತದ ನಂತರವೂ ಅದೇ ಬೆಳಕು. ಇಲ್ಲಿ ಬದಲಾಗಿರೋದು ನಾರೇ. ಬಟ್ಟೆಯನ್ನು ಸುಮಾರು 20ರಿಂದ 25 ಶೇಕಡ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದು ನಿಮಿಷದ ಆಸುಪಾಸು ಅದ್ದುತ್ತಾರೆ. ಬಿಗಿಯಾಗಿ ಎಳೆದು ಹಿಡಿದು, ಆ ಬಿಗಿ ಬಿಡದೆ ಸೋಡಾವನ್ನು ತೊಳೆಯುತ್ತಾರೆ. ನನ್ನ ಹತ್ತಿರ ಒಂದು ಸಾದಾ ಮೈಕ್ರೋಸ್ಕೋಪ್ ಇದೆ. ಸ್ಯಾನ್‌ಫರೈಸ್ ತುಂಡಿನ ಒಂದು ಎಳೆ ಬಿಡಿಸಿ ಅಡಿಯಲ್ಲಿಟ್ಟೆ. ತಿರುಚಿದ ಚಪ್ಪಟೆ ರಿಬ್ಬನ್ ಹಾಗೆ ಕಂಡಿತು. ಮರ್ಸರೈಸ್ ಆದ ಎಳೆ ತಿರುಚು ಬಿಟ್ಟು ಗಾಜಿನ ಕಡ್ಡಿಯ ಹಾಗೆ ದುಂಡಗೆ, ನೆಟ್ಟಗೆ ಮಲಗಿತ್ತು. ಬೆಳಕು ಯಾಕೆ ಹರಿದಾಡುತ್ತೆ ಅಂತ ನನಗೆ ಆಗ ಅರ್ಥವಾಯಿತು.

ಆ ಎಳೆದು ಹಿಡಿಯೋ ಕೆಲಸ ಸಣ್ಣದಲ್ಲ. ಜಾನ್ ಮರ್ಸರ್ ಇದನ್ನು ಕಂಡುಕೊಂಡು 1850ರಲ್ಲಿ ಪೇಟೆಂಟ್ ಪಡೆದಾಗ ಬಟ್ಟೆ ಗಟ್ಟಿಯಾಯಿತು, ಬಣ್ಣ ಚೆನ್ನಾಗಿ ಹಿಡಿಯಿತು. ಜೊತೆಗೆ ಕುಗ್ಗಿಯೂ ಹೋಯಿತು, ಹಾಗಾಗಿ ಯಾರೂ ಹೆಚ್ಚು ಕೇಳಲಿಲ್ಲ. ಸುಮಾರು 40 ವರ್ಷದ ಮೇಲೆ ಹೊರೇಸ್ ಲೋ ಎಂಬಾತ ಬಿಗಿಯಾಗಿ ಹಿಡಿದು ಮಾಡಿದ. ಹೊಳಪು ಬಂದದ್ದು ಆಗಲೇ.

ಬಣ್ಣದ ವಿಷಯ ಪರೀಕ್ಷಿಸಲು ಮೂರರಿಂದಲೂ ಅಂಗೈಯಗಲ ಕತ್ತರಿಸಿ ಒಂದೇ ಪಾತ್ರೆಯಲ್ಲಿ ನೀಲಿ ಅದ್ದಿದೆ. ಮರ್ಸರೈಸ್ ತುಂಡು ಎದ್ದು ಕಾಣುವಷ್ಟು ಗಾಢವಾಯಿತು. ಉಳಿದೆರಡೂ ಒಂದೇ ತಿಳಿ ನೀಲಿ.

ಇನ್ನು ಅಳತೆ. ಮೊದಲ ಒಗೆತಕ್ಕೆ ಹಾಸಿನ ಕಡೆ ಕ್ಯಾಲೆಂಡರ್ ತುಂಡಿನ 50 ಸೆಂಟಿಮೀಟರ್ 47.3ಕ್ಕೆ ಇಳಿಯಿತು. ಶೇಕಡ 5ಕ್ಕಿಂತ ಜಾಸ್ತಿ. ನನ್ನ ಶರ್ಟಿನ ತೋಳಿನ ಗುಟ್ಟು ಇದೇ. ಮರ್ಸರೈಸ್ ಆದದ್ದು 48.2. ಅಂದರೆ ಹೊಳಪು ಉಳಿಸಿಕೊಂಡ ಬಟ್ಟೆ ಅಳತೆಯನ್ನೂ ಉಳಿಸಿಕೊಳ್ಳುತ್ತೆ ಅಂದುಕೊಳ್ಳಬೇಡಿ. ಸ್ಯಾನ್‌ಫರೈಸ್ ಆದದ್ದು 49.7. ಸಪ್ಪೆ ಬಟ್ಟೆ ಗೆದ್ದಿದ್ದು ಇಲ್ಲಿ.

ಬಟ್ಟೆ ಕುಗ್ಗೋದು ಯಾಕೆಂದರೆ ನೇಯ್ಗೆಯಿಂದ ಹಿಡಿದು ಬಿಳಿ ಮಾಡೋವರೆಗೂ ಅದನ್ನು ಉದ್ದಕ್ಕೆ ಎಳೆದುಕೊಂಡೇ ಹೋಗಿರುತ್ತಾರೆ. ನೀರು ಬಿದ್ದಾಗ ಆ ಎಳೆತ ಬಿಡುತ್ತೆ. ಸ್ಯಾನ್‌ಫರೈಸಿಂಗ್ ಕಂಡುಹಿಡಿದ ಸ್ಯಾನ್‌ಫರ್ಡ್ ಕ್ಲೂಯೆಟ್ ಯೋಚಿಸಿದ್ದು, ಮನೆಯಲ್ಲಿ ಕುಗ್ಗೋದನ್ನು ಯಂತ್ರದಲ್ಲೇ ಕುಗ್ಗಿಸಿಬಿಡೋಣ ಅಂತ. ಮೊದಲು ಒಂದು ತುಂಡು ಒಗೆದು ಎಷ್ಟು ಕುಗ್ಗುತ್ತೆ ಅಂತ ಅಳೆಯುತ್ತಾರೆ. ಆಮೇಲೆ ಆವಿಯಲ್ಲಿ ನೆನೆದ ಬಟ್ಟೆಯನ್ನು ದಪ್ಪ ರಬ್ಬರ್ ಪಟ್ಟಿಯ ಮೇಲೆ ಕೂರಿಸುತ್ತಾರೆ. ಉರುಳೆಯ ಬಳಸಿನಲ್ಲಿ ಪಟ್ಟಿಯ ಹೊರಮೈ ಹಿಗ್ಗಿರುತ್ತೆ, ಬಳಸು ದಾಟಿದ ಮೇಲೆ ಕುಗ್ಗುತ್ತೆ. ಅದರ ಜೊತೆ ಬಟ್ಟೆಯೂ ಉದ್ದಕ್ಕೆ ಒತ್ತಿಕೊಳ್ಳುತ್ತೆ. ರಾಸಾಯನಿಕ ಏನೂ ಇಲ್ಲ. ಹೊಕ್ಕುಗಳು ಹತ್ತಿರ ಸರಿಯೋದರಿಂದ ಬಟ್ಟೆ ಕೈಗೆ ಚೂರು ದಪ್ಪ, ಮೆತ್ತಗೆ ಅನ್ನಿಸುತ್ತೆ. ಶೇಕಡ 6 ಕುಗ್ಗಿಸಬೇಕಾದರೆ 100 ಮೀಟರ್ ಒಳಗೆ ಹೋಗಿ 94 ಹೊರಗೆ ಬರುತ್ತೆ. ತಯಾರಿಸುವವರು ಇದನ್ನು ಬಿಟ್ಟುಬಿಡುವ ಆಸೆಗೆ ಬೀಳೋದು ಯಾಕೆ ಅಂತ ಗೊತ್ತಾಯ್ತಲ್ವಾ?

ಇದರ ಮಿತಿಯೂ ನನ್ನ ಟೇಪಿನಲ್ಲೇ ಸಿಕ್ಕಿತು. ಹೊಕ್ಕಿನ ಕಡೆ ಅದೇ ತುಂಡು 49ಕ್ಕೆ ಇಳಿದಿತ್ತು. ರಬ್ಬರ್ ಪಟ್ಟಿ ಒತ್ತೋದು ಉದ್ದಕ್ಕೆ ಮಾತ್ರ. ಅಗಲವನ್ನು ಬೇರೆ ಹಂತದಲ್ಲೇ ಸರಿ ಮಾಡಬೇಕು. ಇಸ್ತ್ರಿ ಮಾಡುವಾಗ ಉದ್ದಕ್ಕೆ ಜಗ್ಗಿದರೆ ಒತ್ತಿ ಕೂರಿಸಿದ್ದು ಬಿಟ್ಟುಕೊಳ್ಳುತ್ತೆ, ಮುಂದಿನ ಒಗೆತಕ್ಕೆ ಮತ್ತೆ ಕುಗ್ಗುತ್ತೆ.

ಹಾಗಾಗಿ ಶರ್ಟಿಗೆ ನನ್ನ ಆಯ್ಕೆ ಮರ್ಸರೈಸ್ ಮಾಡಿ ಕೊನೆಗೆ ಸ್ಯಾನ್‌ಫರೈಸ್ ಮಾಡಿದ ಬಟ್ಟೆ. ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಒಂದರ ಬದಲು ಇನ್ನೊಂದು ನಡೆಯಲ್ಲ. ಸ್ಯಾನ್‌ಫರೈಸ್ ಆದ ಮೇಲೆ ಬಲವಾಗಿ ಕ್ಯಾಲೆಂಡರ್ ಮಾಡಿದರೆ ಬಟ್ಟೆ ಮತ್ತೆ ಹಿಗ್ಗುತ್ತೆ, ಹಿಂದಿನ ಕೆಲಸ ಹಾಳು.

ಕೊಳ್ಳುವಾಗ ಒಂದು ಚೂರು ಕೇಳಿ ಮನೆಗೆ ತನ್ನಿ. ಮೂಲೆಗೆ ಒಂದು ಹನಿ ನೀರು ಬಿಡಿ, ಸುಮ್ನೆ ಒಣಗಲು ಬಿಡಿ. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹನಿ ಬಿದ್ದ ಜಾಗ ಮಂಕಾಗಿ ಕಂಡರೆ ಆ ಹೊಳಪು ಉರುಳೆ ಒತ್ತಿ ತಂದದ್ದು. ಗುರುತೇ ಸಿಗದಿದ್ದರೆ ಹೊಳಪು ನಾರಿನದ್ದೇ ಇರಬಹುದು. ರಾಳ ಕಟ್ಟಿದ್ದಾದರೆ ಒಂದು ಹನಿಗೆ ಬಗ್ಗಲ್ಲ, ಅದಕ್ಕೆ ಆ ಚೂರನ್ನು ನಾಲ್ಕೈದು ಸಲ ಒಗೆದೇ ನೋಡಬೇಕು.

ಒಗೆಯದೆ ಎತ್ತಿಟ್ಟಿದ್ದ ಕ್ಯಾಲೆಂಡರ್ ತುಂಡಿನ ಅಂಚೊಂದು ಉಳಿದಿತ್ತು. ಅದನ್ನು ಸೂಜಿದಾರದ ಡಬ್ಬಿಯ ಒಳಗೆ ಅಂಟಿಸಿದ್ದೇನೆ. ಇನ್ನೂ ಫಳಫಳ ಅನ್ನುತ್ತಿದೆ, ಅದನ್ನು ಒಗೆಯೋ ಪ್ರಸಂಗವೇ ಬರಲ್ಲವಲ್ಲ.