ಹಾಳೆ ಒಂದೇ, ಅಂಕ ನಾಲ್ಕು: ಮೂರು ಬಗೆಯ ನಾಯಕತ್ವ ಮಾಡಿ ನೋಡಿದಾಗ

ಮುಂಬೈ ಉಪನಗರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ನಾಲ್ಕು ಡಿವಿಜನ್. ಗಣಿತ ಹೇಳಿಕೊಡುವವರೂ ನಾಲ್ವರು. ಪೇಪರ್ ಒಂದೇ, ಆದರೆ ತಿದ್ದುವ ಕೈ ನಾಲ್ಕು. ನಾನು ವಿಭಾಗದ ಮುಖ್ಯಸ್ಥೆಯಾದ ವರ್ಷ ಬಿ ಡಿವಿಜನ್‌ನ ಒಬ್ಬ ತಾಯಿ ತಮ್ಮ ಮಗನ ಹಾಳೆ ಮತ್ತು ಪಕ್ಕದ ಮನೆ ಹುಡುಗನ ಹಾಳೆ ಎರಡನ್ನೂ ತಂದು ಮೇಜಿನ ಮೇಲಿಟ್ಟರು. ಉತ್ತರ ಹೆಚ್ಚುಕಡಿಮೆ ಒಂದೇ. ಒಬ್ಬನಿಗೆ ಮೂರಕ್ಕೆ ಮೂರು, ಇನ್ನೊಬ್ಬನಿಗೆ ಒಂದೂವರೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿರಂಕುಶ, ಪ್ರಜಾಸತ್ತಾತ್ಮಕ, ಎಲ್ಲವನ್ನೂ ಅವರವರಿಗೇ ಬಿಟ್ಟುಬಿಡುವ ಲೇಸೆ ಫೇರ್ ಅಂತ ನಾಯಕತ್ವ ಮೂರು ಬಗೆ ಎಂದು ಬಿ.ಎಡ್‌ನಲ್ಲಿ ಓದಿದ್ದೆ. ಓದಿ ಬರೆದು ಪಾಸೂ ಆಗಿದ್ದೆ. ಮೂರನ್ನೂ ನಿಜವಾಗಿ ಮಾಡಿ ನೋಡಿದ್ದು ಈ ಒಂದೇ ಕೆಲಸದಲ್ಲಿ, ಅಂದರೆ ನಾಲ್ವರೂ ಒಂದೇ ಅಳತೆಯಲ್ಲಿ ತಿದ್ದುವ ಹಾಗೆ ಮಾಡುವುದರಲ್ಲಿ. ಮೂರು ಟರ್ಮ್, ಮೂರು ರೀತಿ.

ಪ್ರತಿ ಸಲವೂ ಅಳೆದದ್ದು ಹೀಗೆ: ಮೂರು ಅಂಕದ ಒಂದು ಜ್ಯಾಮಿತಿ ಸಾಧನೆಯ ಪ್ರಶ್ನೆ ಆರಿಸುತ್ತಿದ್ದೆ. ಐದು ಮಕ್ಕಳ ಉತ್ತರವನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿ ನಾಲ್ವರಿಗೂ ಕೊಡುತ್ತಿದ್ದೆ. ಯಾರೂ ಇನ್ನೊಬ್ಬರದನ್ನು ನೋಡದೆ ಅಂಕ ಹಾಕಬೇಕು. ಐದು ಹಾಳೆಗೆ ಒಟ್ಟು 15 ಅಂಕ. ಅತಿ ಹೆಚ್ಚು ಕೊಟ್ಟವರಿಗೂ ಅತಿ ಕಡಿಮೆ ಕೊಟ್ಟವರಿಗೂ ಎಷ್ಟು ವ್ಯತ್ಯಾಸ ಅಂತ ನೋಡುತ್ತಿದ್ದೆ. ನಾಲ್ಕೇ ಜನ, ಐದೇ ಹಾಳೆ. ಇದು ಸಂಶೋಧನೆ ಅಲ್ಲ. ಆದರೆ ನಮ್ಮ ಸ್ಟಾಫ್ ರೂಮಿನಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯಲು ಸಾಕು.

ಮೊದಲನೆಯದು ನಿರಂಕುಶ. ಅಕ್ಟೋಬರಿನ ಮೊದಲ ಟರ್ಮ್ ಪರೀಕ್ಷೆ. ಮಾದರಿ ಉತ್ತರ ನಾನೇ ಬರೆದೆ, ಪ್ರತಿ ಹೆಜ್ಜೆಗೆ ಅಂಕ ನಾನೇ ಹಾಕಿದೆ. ದಿನಕ್ಕೆ ಎರಡು ಪ್ರಶ್ನೆಯಂತೆ ಹಾಳೆ ಹಂಚಿದೆ. ಯಾರೂ ಎದುರು ಮಾತಾಡಲಿಲ್ಲ. ನಾನು ಅಲ್ಲೇ ಕೂತಿದ್ದ ದಿನ ಐದು ಹಾಳೆ ಕೊಟ್ಟರೆ ವ್ಯತ್ಯಾಸ ಬರೀ ಎರಡು ಅಂಕ. ಖುಷಿಯಾಯಿತು. ಆಮೇಲೆ ಚುನಾವಣಾ ತರಬೇತಿಗೆ ಅಂತ ನನ್ನನ್ನು ಮೂರು ದಿನ ಕಳಿಸಿದರು. ಹೋಗುವ ಮುಂಚೆ ಇನ್ನೈದು ಹಾಳೆ ಬಿಟ್ಟು ಹೋಗಿದ್ದೆ. ಬಂದು ನೋಡಿದರೆ ವ್ಯತ್ಯಾಸ ಆರು.

ಅದರಲ್ಲೂ ಒಂದು ಹಾಳೆ ನನ್ನನ್ನು ಬಹಳ ಕಾಡಿತು. ಪ್ರಶ್ನೆ ಎಲ್ಲ ಗಣಿತ ಟೀಚರಿಗೂ ಗೊತ್ತಿರುವುದೇ: ತ್ರಿಭುಜದ ಎರಡು ಬಾಹುಗಳು ಸಮವಾದರೆ ಅವುಗಳ ಎದುರಿನ ಕೋನಗಳೂ ಸಮ ಎಂದು ಸಾಧಿಸಿ. ತ್ರಿಭುಜ ABC ಯಲ್ಲಿ A ಕೋನವನ್ನು ಎರಡು ಸಮಭಾಗ ಮಾಡುವ ರೇಖೆ ಎಳೆದು, ಬಾಹು-ಕೋನ-ಬಾಹು ನಿಯಮದಿಂದ ಎರಡು ತ್ರಿಭುಜ ಸರ್ವಸಮ ಅಂತ ತೋರಿಸುವುದನ್ನು ನಾನು ಮಾದರಿಯಲ್ಲಿ ಬರೆದಿದ್ದೆ. ಆ ಹುಡುಗಿ ಬೇರೆ ದಾರಿ ಹಿಡಿದಿದ್ದಳು. BC ಯ ಮಧ್ಯಬಿಂದು D ಗುರುತಿಸಿ, A ಯಿಂದ D ಗೆ ರೇಖೆ ಎಳೆದು, ಬಾಹು-ಬಾಹು-ಬಾಹು ನಿಯಮ ಹಾಕಿದ್ದಳು. AB = AC ದತ್ತ, BD = CD ರಚನೆ, AD ಎರಡಕ್ಕೂ ಸಾಮಾನ್ಯ. ಪೂರ್ತಿ ಸರಿ. ಒಬ್ಬರು ಮೂರು ಕೊಟ್ಟಿದ್ದರು, ಒಬ್ಬರು ಒಂದು.

ಒಂದು ಕೊಟ್ಟವಳು ಉಡುಪಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಕೇಳಿದೆ. "ಅಕ್ಕಾ, ಅದು ಸರಿ ಅಂತ ನನಗೂ ಗೊತ್ತು. ಆದರೆ ನೀವು ಬರೆದದ್ದರಲ್ಲಿ ಇರಲಿಲ್ಲವಲ್ಲ. ನೀವಿದ್ದಿದ್ದರೆ ಕೇಳುತ್ತಿದ್ದೆ. ಇರಲಿಲ್ಲ, ಹಾಗಾಗಿ ಹಾಳೆಯಲ್ಲಿದ್ದಂತೆ ಮಾಡಿದೆ," ಅಂದಳು. ಅವಳ ತಪ್ಪು ಇದರಲ್ಲಿ ಏನೂ ಇಲ್ಲ. ನಾನು ಅಂಕ ಹೇಳಿದ್ದೆ, ಆ ಅಂಕ ಯಾಕೆ ಅಂತ ಹೇಳಿರಲಿಲ್ಲ. ಮಾದರಿಯಲ್ಲಿ ಇಲ್ಲದ ಉತ್ತರ ಎದುರಾದಾಗ ಅವಳ ಕೈಯಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಆಗ ಮನೋವಿಜ್ಞಾನಿ ಕುರ್ಟ್ ಲೆವಿನ್ ಅವರ ನಾಯಕತ್ವದ ಪ್ರಯೋಗವನ್ನು ಮತ್ತೆ ತೆಗೆದು ಓದಿದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಲೆವಿನ್, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಸೇರಿ ಮಾಡಿದ್ದು. ಹತ್ತು ಹನ್ನೊಂದು ವರ್ಷದ ಹುಡುಗರ ಚಿಕ್ಕ ಕ್ಲಬ್‌ಗಳು, ಮುಖವಾಡ ಮಾಡುವಂಥ ಕರಕುಶಲ ಕೆಲಸ, ಬೇರೆ ಬೇರೆ ರೀತಿಯ ನಾಯಕರು. ನಿರಂಕುಶ ನಾಯಕ ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳುತ್ತಿದ್ದ. ಮುಂದಿನ ಹೆಜ್ಜೆ ಯಾವುದು ಅಂತ ಹುಡುಗರಿಗೆ ಗೊತ್ತಾಗುತ್ತಲೇ ಇರಲಿಲ್ಲ. ದಿನಕ್ಕೆ ಎರಡು ಪ್ರಶ್ನೆ ಹಂಚಿದಾಗ ನಾನು ಮಾಡಿದ್ದೂ ಅದನ್ನೇ, ಅಲ್ವಾ? ನಡುವೆ ಬೇಕೆಂದೇ ನಾಯಕ ಕೋಣೆಯಿಂದ ಹೊರಗೆ ಹೋಗುತ್ತಿದ್ದ. ವಿಧೇಯವಾಗಿದ್ದ ನಿರಂಕುಶ ಗುಂಪುಗಳಲ್ಲಿ ಅವನು ಇದ್ದಾಗ ಶೇ. 74ರಷ್ಟು ಸಮಯ ಕೆಲಸಕ್ಕೆ ಹೋಗುತ್ತಿತ್ತು. ಹೊರಗೆ ಹೋದರೆ ಶೇ. 29. ಪ್ರಜಾಸತ್ತಾತ್ಮಕ ಗುಂಪಿನಲ್ಲಿ ಶೇ. 50 ಇದ್ದದ್ದು 46 ಆಯಿತು, ಅಷ್ಟೇ. ನಾಯಕ ಇದ್ದಾಗ ಜಾಸ್ತಿ ಕೆಲಸ ಆದದ್ದು ನಿರಂಕುಶದಲ್ಲೇ ಅನ್ನುವುದನ್ನೂ ಮರೆಯಬಾರದು. ಅವರು ಹತ್ತು ವರ್ಷದ ಹುಡುಗರು, ನಮ್ಮವರು ಸಂಸಾರಸ್ಥರು. ಆದರೂ ನಾಯಕ ಕೋಣೆಯಿಂದ ಹೊರಗೆ ಹೋಗಿ ನೋಡುವ ಪರೀಕ್ಷೆ ನನಗೆ ಸರಿ ಅನ್ನಿಸಿತು.

ಏಪ್ರಿಲ್‌ನಲ್ಲಿ ಪ್ರಜಾಸತ್ತಾತ್ಮಕವಾಗಿ ಮಾಡುತ್ತೇನೆ ಅಂತ ಹೊರಟೆ. "ನಿಮಗೆಲ್ಲ ಅನುಭವ ಇದೆ. ಹೇಗೆ ಸರಿ ಅನ್ನಿಸುತ್ತದೋ ಹಾಗೆ ತಿದ್ದಿ, ಏನಾದರೂ ಬೇಕಾದರೆ ನಾನಿದ್ದೇನೆ," ಅಂದೆ. ಯಾರಿಗೂ ಏನೂ ಬೇಕಾಗಲಿಲ್ಲ. ವ್ಯತ್ಯಾಸ ಏಳು ಅಂಕ. ನಾನು ಇದ್ದರೂ ಏಳು, ಇರದಿದ್ದರೂ ಏಳು. ಒಬ್ಬರು ಕಾರಣ ಬರೆಯದ ಹೆಜ್ಜೆಗೆ ಸೊನ್ನೆ ಹಾಕಿದರೆ ಇನ್ನೊಬ್ಬರು ಪೂರ್ತಿ ಕೊಟ್ಟಿದ್ದರು. ಅದಕ್ಕಿಂತ ಬೇಸರದ ವಿಷಯ ಇನ್ನೊಂದಿತ್ತು. ಕಟ್ಟುನಿಟ್ಟಾಗಿ ತಿದ್ದಿದವರ ಮೇಲೆ ಪೋಷಕರು ಹರಿಹಾಯ್ದಾಗ ಅವರ ಬೆನ್ನಿಗೆ ನಿಲ್ಲಲು ವಿಭಾಗದ ಯಾವ ತೀರ್ಮಾನವೂ ಇರಲಿಲ್ಲ. ಅವರು ಒಂಟಿಯಾದರು.

ಇದು ಪ್ರಜಾಸತ್ತೆ ಆಗಿರಲೇ ಇಲ್ಲ, ಲೇಸೆ ಫೇರ್ ಆಗಿತ್ತು. ಈ ಗೊಂದಲ ಅಯೋವಾದಲ್ಲೂ ಆಗಿತ್ತು. ರಾಲ್ಫ್ ವೈಟ್ ಪ್ರಜಾಸತ್ತಾತ್ಮಕ ನಾಯಕನ ಪಾತ್ರ ವಹಿಸಿದಾಗ ಹುಡುಗರನ್ನು ಸುಮ್ನೆ ಅವರ ಪಾಡಿಗೆ ಬಿಟ್ಟುಬಿಟ್ಟರು. ಗುಂಪು ಬೇರೆಯೇ ರೀತಿ ವರ್ತಿಸಿತು. ಅದನ್ನು ಗಮನಿಸಿದ ಲೆವಿನ್ ಅದಕ್ಕೇ ಮೂರನೆಯ ಹೆಸರು ಕೊಟ್ಟರು. ಮೂರರಲ್ಲಿ ಅತಿ ಕಡಿಮೆ ಕೆಲಸ ಆದದ್ದು ಅಲ್ಲೇ. ಎರಡರ ನಡುವೆ ನಾನು ಕಂಡುಕೊಂಡ ಗುರುತು ಇದು: ಪ್ರಜಾಸತ್ತಾತ್ಮಕ ನಾಯಕನೂ ಕೆಲಸದಲ್ಲಿ ಕೈ ಹಾಕಿರುತ್ತಾನೆ. ಇಡೀ ಕೆಲಸದ ನಕ್ಷೆಯನ್ನು ಮೊದಲೇ ತೋರಿಸುತ್ತಾನೆ. ಸಿಕ್ಕಿಕೊಂಡಲ್ಲಿ ಎರಡು ಮೂರು ದಾರಿ ಮುಂದಿಟ್ಟು ಆರಿಸಿಕೊಳ್ಳಿ ಅನ್ನುತ್ತಾನೆ. ಲೇಸೆ ಫೇರ್‌ನಲ್ಲಿ ಕೇಳಿದರೆ ಮಾತ್ರ ಉತ್ತರ. ಕೇಳಬೇಕಾದದ್ದೇ ಹೊಳೆಯದವರು ಕೇಳುವುದಾದರೂ ಏನನ್ನು?

ಮರುವರ್ಷ ಅಕ್ಟೋಬರಿನಲ್ಲಿ ಮೂರನೆಯ ಪ್ರಯತ್ನ. ಪ್ರಿನ್ಸಿಪಾಲರ ಹತ್ತಿರ ಜೋಡಿ ಪೀರಿಯಡ್ ಕೇಳಿ ಪಡೆದೆ. ಶಾಲೆ ಬಿಟ್ಟ ಮೇಲೆ ಕೂರಿಸುವುದು ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಒಬ್ಬರಿಗೆ ವಿರಾರ್ ಲೋಕಲ್, ಒಬ್ಬರಿಗೆ ಬದ್ಲಾಪುರದ್ದು. ಗಡಿಯಾರ ನೋಡುತ್ತಾ ಕೂತವರಿಂದ ಮನಸ್ಸಿನ ಮಾತು ಹೊರಡುವುದಿಲ್ಲ.

ತಿದ್ದುವ ಮೊದಲೇ ಐದು ಹಾಳೆ ಹಂಚಿದೆ. ನಾಲ್ವರ ಜೊತೆ ನನಗೂ ಒಂದು ಪ್ರತಿ. ಎಲ್ಲರೂ ಅಂಕ ಹಾಕಿದ ಮೇಲೆ ಬೋರ್ಡಿನ ಮೇಲೆ ಬರೆದೆವು, ನನ್ನದನ್ನು ಕೊನೆಗೆ. ಮೊದಲು ನಾನು ಬರೆದರೆ ಉಳಿದವರು ಅಳಿಸಿ ಬದಲಿಸುತ್ತಾರೆ, ಅದು ಮೊದಲ ವರ್ಷವೇ ಗೊತ್ತಾಗಿತ್ತು. ಒಂದು ಉತ್ತರಕ್ಕೆ 3, 2, 2, 1 ಬಂದಿತ್ತು. ಒಂದು ಕೊಟ್ಟ ಹಿರಿಯ ಸರ್ ಕಾರಣ ಹೇಳಿದರು: "ಸರ್ವಸಮ ಅಂತ ಬರೆದಿದ್ದಾನೆ, ಯಾವ ನಿಯಮದಿಂದ ಅಂತ ಬರೆದಿಲ್ಲ. ಸಾಧನೆಯ ಜೀವವೇ ಅದು." ಮೂರು ಕೊಟ್ಟವರು, ಮೂರೂ ಜೋಡಿ ಸರಿಯಾಗಿ ಬರೆದಿದ್ದಾನಲ್ಲ, ನಿಯಮ ಅದರಲ್ಲೇ ಇದೆ ಅಂದರು. ನಾನು ಎರಡು ದಾರಿ ಇಟ್ಟೆ: ನಿಯಮದ ಹೆಸರಿಗೆ ಅರ್ಧ ಅಂಕ, ಇಲ್ಲವೇ ಒಂದು ಅಂಕ. ಅರ್ಧ ಅಂತ ಒಪ್ಪಿದರು. ಪಕ್ಕದಲ್ಲಿ ಕಾರಣವನ್ನೂ ಬರೆದೆವು. ಆ ಉತ್ತರಕ್ಕೆ ಎರಡೂವರೆ.

ಇಲ್ಲಿ ಒಂದು ಎಚ್ಚರ ಬೇಕು. ಎಲ್ಲವನ್ನೂ ಮತಕ್ಕೆ ಹಾಕುವಂತಿಲ್ಲ. ಮಧ್ಯಬಿಂದುವಿನ ಸಾಧನೆ ಸರಿಯೋ ತಪ್ಪೋ ಅನ್ನುವುದನ್ನು ಗಣಿತ ತೀರ್ಮಾನಿಸುತ್ತದೆ, ಬಹುಮತ ಅಲ್ಲ. ನಿಯಮದ ಹೆಸರು ಬಿಟ್ಟರೆ ಎಷ್ಟು ಕಳೆಯಬೇಕು ಅನ್ನುವುದನ್ನು ನಾವು ತೀರ್ಮಾನಿಸಬಹುದು. ಸಭೆಯ ಶುರುವಿನಲ್ಲೇ ಈ ಗೆರೆ ಎಳೆದಿಟ್ಟರೆ ಅರ್ಧ ವಾದ ತಪ್ಪುತ್ತದೆ.

ಹೊಸ ಐದು ಹಾಳೆ ಕೊಟ್ಟಾಗ ವ್ಯತ್ಯಾಸ ಮೂರು ಅಂಕ. ನನ್ನ ಹುಕುಂ ನಡೆದ ವರ್ಷದ ಎರಡಕ್ಕಿಂತ ಒಂದು ಜಾಸ್ತಿಯೇ. ಅದೇ ವಾರ ಊರಿಂದ ಫೋನ್ ಬಂದು ಮತ್ಸ್ಯಗಂಧ ರೈಲು ಹತ್ತಿದೆ. ನಾಲ್ಕು ದಿನ ಇರಲಿಲ್ಲ. ಬಿಟ್ಟುಹೋದ ಹಾಳೆಗಳಲ್ಲೂ ವ್ಯತ್ಯಾಸ ಮೂರೇ. ಉಡುಪಿಯ ಹುಡುಗಿ ಕೋನದ ಬಾಹ್ಯ ಸಮದ್ವಿಭಾಜಕ ಬಳಸಿದ ವಿಚಿತ್ರ ಉತ್ತರವೊಂದನ್ನು ಬದಿಗಿಟ್ಟು, ಉಳಿದ ಮೂವರನ್ನು ಕೇಳಿ, ತೀರ್ಮಾನವನ್ನೂ ಕಾರಣವನ್ನೂ ಹಾಳೆಯ ಅಂಚಿನಲ್ಲಿ ಬರೆದಿಟ್ಟಿದ್ದಳು.

ಬೆಲೆಯನ್ನೂ ಹೇಳಬೇಕು. ನಿರಂಕುಶದಲ್ಲಿ ನನ್ನ ಒಂದು ಸಂಜೆ ಹೋಯಿತು, ಇತರರದ್ದು ಏನೂ ಇಲ್ಲ. ಪ್ರಜಾಸತ್ತೆಗೆ ಐದು ಜನರ ಎಪ್ಪತ್ತು ನಿಮಿಷ. ಇಡೀ ಪೇಪರಿಗೆ ಇದನ್ನು ಮಾಡಲು ಆಗುವುದಿಲ್ಲ. ಹಾಗಾಗಿ ಜಗಳ ಬರುವ ಮೂರು ಪ್ರಶ್ನೆಗೆ ಮಾತ್ರ ಸಭೆ. ಲೆಕ್ಕದ ಉತ್ತರಗಳಿಗೆ ನಾನೇ ಮಾದರಿ ಬರೆದು ಕೊಡುತ್ತೇನೆ, ಯಾರಿಗೂ ಬೇಸರವಿಲ್ಲ.

ಹುಕುಂ ಬೇಕಾಗುವ ಹೊತ್ತೂ ಇದೆ. ಒಮ್ಮೆ ಪರೀಕ್ಷೆಯ ಹಿಂದಿನ ರಾತ್ರಿ ಒಂಬತ್ತೂವರೆಗೆ ನಮ್ಮ ಪ್ರಶ್ನೆಪತ್ರಿಕೆಯ ಒಂದು ಪುಟ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಕಾಣಿಸಿಕೊಂಡಿತು. ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಎರಡನೇ ಸೆಟ್ ಹಾಕುತ್ತೇವೆ ಅಂತ ವಿಭಾಗಕ್ಕೆ ಒಂದೇ ಸಾಲು ಕಳಿಸಿದೆ. ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಬೆಳಿಗ್ಗೆ ಪರೀಕ್ಷೆ ಶುರುವಾದ ಮೇಲೆ ಕಾರಣ ಹೇಳಿದೆ.

ಕೈಬಿಡುವುದಕ್ಕೂ ಜಾಗ ಇದೆ, ಚಿಕ್ಕದು. ಹಿರಿಯ ಸರ್ ಕಾಗದ ಮಡಚಿ ಮಡಚಿ ಸಮಮಿತಿ ಕಲಿಸುತ್ತಾರೆ. ಅವರ ತರಗತಿಯೊಳಗೆ ಹೇಗೆ ಕಲಿಸಬೇಕು ಅಂತ ಹೇಳಲು ನಾನು ಹೋಗುವುದಿಲ್ಲ. ಆದರೆ ಅಂಕ ನಾಲ್ಕೂ ಡಿವಿಜನ್‌ಗೆ ಸೇರಿದ್ದು, ಅಲ್ಲಿ ಕೈಬಿಡಲು ನನಗೆ ಮನಸ್ಸಿಲ್ಲ.

ಬರುವ ಏಪ್ರಿಲ್‌ನ ಸಭೆಯನ್ನು ಉಡುಪಿಯ ಹುಡುಗಿ ನಡೆಸುತ್ತಾಳೆ. ಆ ಜೋಡಿ ಪೀರಿಯಡ್ ನಾನು ಹತ್ತನೇ ತರಗತಿಯಲ್ಲಿರುತ್ತೇನೆ. ನನ್ನ ಅಂಕಗಳನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದೇನೆ, ಕೊನೆಗೆ ಒಡೆಯಲು ಹೇಳಿದ್ದೇನೆ.