ಅಳತೆ ಹೇಳಿ ಮಾಡಿಸುವ ಮಟನ್ ಖೀಮಾ: ಬಹುಕಾಲದ ಬಳಕೆಯ ನಂತರ ಪ್ರೋಟೀನ್, ಕೊಬ್ಬಿನ ಲೆಕ್ಕ

ಕಲಬುರಗಿಯಲ್ಲಿ ಈಗ ಕೆಲವು ಮಟನ್ ಅಂಗಡಿಗಳಲ್ಲಿ ಖೀಮಾವನ್ನು ಅಳತೆ ಹೇಳಿ ಮಾಡಿಸಬಹುದು. "ಎಂಬತ್ತು-ಇಪ್ಪತ್ತು" ಎಂದರೆ ಎಂಬತ್ತು ಪಾಲು ಕೆಂಪು ಮಾಂಸ, ಇಪ್ಪತ್ತು ಪಾಲು ಚರ್ಬಿ. ಎರಡನ್ನೂ ಬೇರೆ ಬೇರೆ ತೂಗಿ, ಕಣ್ಣ ಮುಂದೆಯೇ ಮಷೀನಿಗೆ ಹಾಕಿ ಕೊಡುತ್ತಾರೆ. ಜಿಮ್‌ಗೆ ಹೋಗುವವರು, ಸಕ್ಕರೆ ಕಾಯಿಲೆ ಇದ್ದು ಊಟ ಬರೆದಿಡುವವರು ಹೆಚ್ಚಾಗಿ ಹೀಗೆ ಕೇಳುತ್ತಾರೆ. ಬಹಳ ಕಾಲದಿಂದ ಇದನ್ನೇ ಬಳಸುತ್ತಿದ್ದೇವೆ. ಐದಕ್ಕೆ ನಾಲ್ಕು ಅಂಕ ಕೊಡಬಹುದಾದ ಸೇವೆ. ಆದರೆ ಅಂಗಡಿಯವರು ಹೇಳುವ ಅಳತೆಯನ್ನು ಹಾಗೇ ಆ್ಯಪ್‌ಗೆ ತುಂಬಿದರೆ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ, ಸರಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಗೊಂದಲ ಅಂಗಡಿಯಲ್ಲೇ ಶುರುವಾಗುತ್ತದೆ. ಅಮೆರಿಕದ ಪ್ಯಾಕೆಟ್ ಮೇಲೆ 80/20 ಎಂದಿದ್ದರೆ ನೂರು ಗ್ರಾಂ ಹಸಿ ಖೀಮಾದಲ್ಲಿ 20 ಗ್ರಾಂ ಶುದ್ಧ ಕೊಬ್ಬು ಇದೆ ಎಂದರ್ಥ. ಆ್ಯಪ್‌ಗಳಲ್ಲಿ ಸಿಗುವ ಅಂಕಿಗಳು ಬಹುಪಾಲು ಅಲ್ಲಿನ ಕೃಷಿ ಇಲಾಖೆಯ ಪಟ್ಟಿಯವು, ಅದೂ ದನದ ಮಾಂಸದ ಖೀಮಾದ್ದು. ನಮ್ಮ ಅಂಗಡಿಯಲ್ಲಿ ಇಪ್ಪತ್ತು ಪಾಲು ಎಂದರೆ ಕತ್ತರಿಸಿ ತೆಗೆದ ಬಿಳಿ ಚರ್ಬಿಯ ತುಂಡು. ಆ ತುಂಡು ಪೂರ್ತಿ ಕೊಬ್ಬಲ್ಲ. ಕುರಿಯ ಮೈಮೇಲಿನ ಚರ್ಬಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕೊಬ್ಬು, 6-7 ಪಾಲು ಪ್ರೋಟೀನ್, ಉಳಿದದ್ದು ಹೆಚ್ಚಾಗಿ ನೀರು. ಹಾಗೆಯೇ ಕೆಂಪು ಮಾಂಸವೂ ಕೊಬ್ಬಿಲ್ಲದ್ದಲ್ಲ. ಚೆನ್ನಾಗಿ ಬಿಡಿಸಿದ ಕುರಿ ಮಾಂಸದಲ್ಲಿ ನೂರಕ್ಕೆ ಸುಮಾರು 5 ಗ್ರಾಂ ಕೊಬ್ಬು, 20 ಗ್ರಾಂ ಪ್ರೋಟೀನ್ ಇರುತ್ತದೆ. ಈ ನಾಲ್ಕು ಅಂಕಿ ನೆನಪಿದ್ದರೆ ಯಾವ ಅಳತೆಯ ಖೀಮಾದ ಲೆಕ್ಕವನ್ನಾದರೂ ಹಾಕಬಹುದು.

ಅರ್ಧ ಕೆಜಿ ಎಂಬತ್ತು-ಇಪ್ಪತ್ತು ಮಾಡಿಸಿದಿರಿ ಎನ್ನಿ. 400 ಗ್ರಾಂ ಮಾಂಸದಿಂದ 20 ಗ್ರಾಂ ಕೊಬ್ಬು, 100 ಗ್ರಾಂ ಚರ್ಬಿಯಿಂದ 70 ಗ್ರಾಂ, ಒಟ್ಟು 90. ಪ್ರೋಟೀನ್ 80 ಮತ್ತು 7 ಸೇರಿ 87 ಗ್ರಾಂ. ಅಂದರೆ ನೂರು ಗ್ರಾಂಗೆ 18 ಗ್ರಾಂ ಕೊಬ್ಬು, 17 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್. ಪ್ಯಾಕೆಟ್ಟಿನ 80/20ಕ್ಕೆ ಇದು ಹತ್ತಿರವೇ ಬಂತು. ಆದರೆ ಯಾವಾಗಲೂ ಹೀಗೆ ಬರುವುದಿಲ್ಲ, ಏಕೆಂದರೆ ಯಾವ ಜಾಗದ ಚರ್ಬಿ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಗುರ್ದೆಯ ಸುತ್ತ ಇರುವ ಗಟ್ಟಿ ಬಿಳಿ ಚರ್ಬಿಯಲ್ಲಿ ನೂರಕ್ಕೆ 90ರಷ್ಟು ಕೊಬ್ಬೇ ಇರುತ್ತದೆ. ಅದನ್ನು ಹಾಕಿದರೆ ಅದೇ ಅರ್ಧ ಕೆಜಿಯಲ್ಲಿ ಕೊಬ್ಬು 90ರಿಂದ 110 ಗ್ರಾಂಗೆ ಏರುತ್ತದೆ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಗುರ್ದೆಯ ಚರ್ಬಿ ಒಣಗಿದಂತಿದ್ದು ಪುಡಿಪುಡಿಯಾಗಿ ಮುರಿಯುತ್ತದೆ, ಮೈಮೇಲಿನದು ಮೆತ್ತಗೆ ಎಳೆದಂತೆ ಬರುತ್ತದೆ. "ರಾನಿನ ಮೇಲಿನ ಚರ್ಬಿಯನ್ನೇ ಹಾಕ್ರಿ" ಎಂದು ಹೇಳಿದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಡಿನ ಮಾಂಸವಾದರೆ ಕೆಂಪು ಭಾಗದ ಕೊಬ್ಬನ್ನು ನೂರಕ್ಕೆ 5ರ ಬದಲು 2-3 ಎಂದು ಹಿಡಿಯಿರಿ.

ಸೇವೆಗೆ ಒಂದು ಅಂಕ ಕಡಿಮೆ ಕೊಟ್ಟದ್ದಕ್ಕೆ ಕಾರಣ ಭಾನುವಾರದ ಗದ್ದಲ. ಬೆಳಿಗ್ಗೆ ಜನ ಸಾಲಾಗಿ ನಿಂತಾಗ ಚರ್ಬಿ ತೂಗುವುದಿಲ್ಲ, ಅಂದಾಜಿಗೆ ಕೈತುಂಬ ಹಾಕಿಬಿಡುತ್ತಾರೆ. ಮಷೀನಿನ ಬಾಯಲ್ಲಿ ಹಿಂದಿನ ಗಿರಾಕಿಯ ಖೀಮಾ ಉಳಿದಿರುತ್ತದೆ, ಅದು ನಿಮ್ಮ ಪೊಟ್ಟಣಕ್ಕೆ ಬರುತ್ತದೆ. ನಿಮ್ಮ ಖೀಮಾದಲ್ಲೂ ಅಷ್ಟೇ ಮಷೀನಿನ ಒಳಗೆ ಉಳಿದುಬಿಡುತ್ತದೆ. ಅರ್ಧ ಕೆಜಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಒಂದು ಕೆಜಿ ಒಟ್ಟಿಗೆ ಮಾಡಿಸಿ, ಎರಡು ಪಾಲು ಮಾಡಿ ಫ್ರೀಜರ್‌ನಲ್ಲಿ ಇಡುವುದು ಮೇಲು. ಎರಡನೆಯ ಸಲ ಮಷೀನಿಗೆ ಹಾಕಿಸಿದರೆ ಚರ್ಬಿ ಎಲ್ಲ ಕಡೆ ಸಮನಾಗಿ ಬೆರೆಯುತ್ತದೆ. ಒಂದೇ ಸಲ ಹಾಕಿದ್ದರಲ್ಲಿ ಪೊಟ್ಟಣದ ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮೂಲೆ ಕೆಂಪಗೆ ಕಾಣುತ್ತದೆ. ಅರ್ಧ ಮಾತ್ರ ಬೇಯಿಸುವವರಿಗೆ ಆಗ ಯಾವ ಲೆಕ್ಕವೂ ಹೊಂದುವುದಿಲ್ಲ. ತೊಳೆಯುವುದಿದ್ದರೆ ತುಂಡುಗಳನ್ನೇ ತೊಳೆದು, ನೀರು ಬಸಿದು, ಆಮೇಲೆ ತೂಗಿ ಖೀಮಾ ಮಾಡಿಸಿ. ಖೀಮಾ ಆದ ಮೇಲೆ ಜಾಲರಿಯಲ್ಲಿ ಹಾಕಿ ತೊಳೆದರೆ ಅದು ನೀರು ಹಿಡಿದುಕೊಂಡು ತೂಕ ಹೆಚ್ಚುತ್ತದೆ, ಪ್ರೋಟೀನ್ ಸ್ವಲ್ಪ ಹರಿದು ಹೋಗುತ್ತದೆ.

ಇನ್ನು ಒಲೆಯ ಕೆಲಸ. ಕೊಬ್ಬು ಎಷ್ಟು ಬಸಿಯಿತು ಎಂದು ತಿಳಿಯಬೇಕಾದರೆ ಖೀಮಾವನ್ನು ಎಣ್ಣೆ, ಉಳ್ಳಾಗಡ್ಡಿ, ಉಪ್ಪು ಏನೂ ಇಲ್ಲದೆ ಮೊದಲು ಒಣದಾಗಿ ಹುರಿಯಬೇಕು. ನಮ್ಮಲ್ಲಿ ರೂಢಿ ಉಲ್ಟಾ: ಎಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಾದ ಮೇಲೆ ಖೀಮಾ ಬೀಳುತ್ತದೆ. ಹಾಗೆ ಮಾಡಿ ಬಸಿದರೆ ಹೋದದ್ದರಲ್ಲಿ ಎಣ್ಣೆ ಎಷ್ಟು, ಚರ್ಬಿ ಎಷ್ಟು ಎಂದು ಬೇರ್ಪಡಿಸಲು ದಾರಿಯೇ ಇಲ್ಲ. ಉಪ್ಪು ಮೊದಲೇ ಹಾಕಿ ಕಲಸಿದರೆ ಮಾಂಸದ ಪ್ರೋಟೀನ್ ಅಂಟಾಗಿ, ನೀರನ್ನೂ ಕೊಬ್ಬನ್ನೂ ಒಳಗೇ ಹಿಡಿದಿಡುತ್ತದೆ, ಬಸಿಯುವುದು ಕಡಿಮೆಯಾಗುತ್ತದೆ.

ದಪ್ಪ ತಳದ ಅಗಲ ಪಾತ್ರೆ ತೆಗೆದುಕೊಳ್ಳಿ. ಅರ್ಧ ಕೆಜಿಗೆ ಪಾತ್ರೆ ಸಣ್ಣದಾದರೆ ಎರಡು ಸರದಿ ಮಾಡಿ. ಮೊದಲ ಕೆಲವು ನಿಮಿಷ ಖೀಮಾ ಬೂದು ಬಣ್ಣಕ್ಕೆ ತಿರುಗಿ ನೀರು ಬಿಡುತ್ತದೆ, ಗುಳುಗುಳು ಕುದಿಯುತ್ತದೆ. ಬಹಳ ಜನ ಇದನ್ನೇ ಕೊಬ್ಬು ಎಂದುಕೊಂಡು ಬಸಿದು, "ಅರ್ಧ ಲೋಟ ಕೊಬ್ಬು ಹೋಯ್ತು" ಎಂದು ಬರೆದುಕೊಳ್ಳುತ್ತಾರೆ. ಅದರಲ್ಲಿ ಬಹುಪಾಲು ಮಾಂಸದ ನೀರು. ಹುಟ್ಟಿನಿಂದ ಉಂಡೆಗಳನ್ನು ಒಡೆಯುತ್ತ ಕಾಯಿರಿ. ನೀರು ಇಂಗುತ್ತಿದ್ದಂತೆ ಸದ್ದು ಬದಲಾಗಿ ಚುರುಚುರು ಎನ್ನುತ್ತದೆ, ಹಬೆ ಕಡಿಮೆಯಾಗುತ್ತದೆ, ಪಾತ್ರೆ ವಾಲಿಸಿದರೆ ಮೂಲೆಯಲ್ಲಿ ತಿಳಿ ಹಳದಿ ಕೊಬ್ಬು ನಿಲ್ಲುತ್ತದೆ. ಬಸಿಯುವ ಹೊತ್ತು ಅದು. ತೂಗಿಟ್ಟ ಸ್ಟೀಲ್ ಡಬ್ಬಿಯ ಮೇಲೆ ಜಾಲರಿ ಇಟ್ಟು ಬಿಸಿ ಇರುವಾಗಲೇ ಸುರಿಯಿರಿ, ಸೌಟಿನಿಂದ ಮೆಲ್ಲಗೆ ಒತ್ತಿ. ತಡಮಾಡಬೇಡಿ, ಕುರಿ ಕೊಬ್ಬು ಆರಿದರೆ ಖೀಮಾಕ್ಕೂ ಪಾತ್ರೆಗೂ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಮೋರಿಗೆ ಸುರಿದರೆ ಪೈಪಿನಲ್ಲೂ ಹಾಗೇ ಕಟ್ಟಿಕೊಳ್ಳುತ್ತದೆ.

ಡಬ್ಬಿಯನ್ನು ಫ್ರಿಡ್ಜ್‌ನಲ್ಲಿ ಇಟ್ಟರೆ ಕೊಬ್ಬು ಮೇಲೆ ಬಿಳಿ ಬಿಲ್ಲೆಯಾಗಿ ಹೆಪ್ಪುಗಟ್ಟುತ್ತದೆ, ಕೆಳಗೆ ಕಂದು ರಸ ನಿಲ್ಲುತ್ತದೆ. ಬಿಲ್ಲೆಯನ್ನು ಎತ್ತಿ, ತಳ ಒರೆಸಿ, ತೂಗಿ. ಆ ತೂಕವನ್ನು ಹಸಿ ಖೀಮಾದ ಕೊಬ್ಬಿನಿಂದ ಕಳೆಯುವುದು, ಅಷ್ಟೇ. ಕಂದು ರಸವನ್ನು ಮರಳಿ ಖೀಮಾಕ್ಕೆ ಹಾಕಿ. ರುಚಿಯೆಲ್ಲ ಅದರಲ್ಲಿದೆ, ಕರಗಿದ ಸ್ವಲ್ಪ ಪ್ರೋಟೀನೂ ಇದೆ.

ಮೇಲಿನ ಅರ್ಧ ಕೆಜಿಯಿಂದ ಬಂದ ಬಿಲ್ಲೆ 36 ಗ್ರಾಂ ಎನ್ನಿ. ಉಳಿದ ಕೊಬ್ಬು 90ರಲ್ಲಿ 36 ಹೋಗಿ 54 ಗ್ರಾಂ. ಪ್ರೋಟೀನ್ 87 ಗ್ರಾಂ ಹಾಗೇ ಇದೆ. ಕ್ಯಾಲೊರಿ 1158ರಿಂದ 834ಕ್ಕೆ ಇಳಿಯಿತು. ನೀರೂ ಹೋಗಿರುವುದರಿಂದ ಬೆಂದ ಖೀಮಾ 320 ಗ್ರಾಂ ತೂಗುತ್ತದೆ, ಅಂದರೆ ನೂರು ಗ್ರಾಂ ಬೆಂದದ್ದರಲ್ಲಿ 27 ಗ್ರಾಂ ಪ್ರೋಟೀನ್, 17 ಗ್ರಾಂ ಕೊಬ್ಬು. ಅಮೆರಿಕದ ಪಟ್ಟಿಯಲ್ಲಿ ಹುರಿದು ಬಸಿದ 80/20 ಖೀಮಾಕ್ಕೂ ಹೆಚ್ಚುಕಡಿಮೆ ಇದೇ ಅಂಕಿಗಳಿವೆ. ಬಿಲ್ಲೆ ತೂಗುವಷ್ಟು ಪುರಸೊತ್ತಿಲ್ಲದ ದಿನ ಅದನ್ನೇ ನಂಬಬಹುದು.

ಆ್ಯಪ್‌ನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಬೆಂದ ಖೀಮಾ 100 ಗ್ರಾಂ ತೂಗಿ, ಹಸಿ ಖೀಮಾದ ಸಾಲಿನಲ್ಲಿ ತುಂಬಿದರೆ ಪ್ರೋಟೀನ್ 27ರ ಬದಲು 17 ಎಂದು ಬೀಳುತ್ತದೆ. ಹಸಿ ತೂಗಿದ್ದರೆ ಹಸಿಯ ಸಾಲು, ಬೆಂದದ್ದು ತೂಗಿದ್ದರೆ ಬಸಿದ ಖೀಮಾದ ಸಾಲು. ಟೊಮೇಟೊ, ಉಳ್ಳಾಗಡ್ಡಿ, ನೀರು ಸೇರಿದ ಮೇಲೆ ಎರಡೂ ಹೊಂದುವುದಿಲ್ಲ. ಆಗ ಪಾತ್ರೆಯ ಸಮೇತ ತೂಗಿ ಪಾತ್ರೆಯ ತೂಕ ಕಳೆಯಿರಿ. ಪಲ್ಯ ಒಟ್ಟು 620 ಗ್ರಾಂ ಆಗಿದ್ದರೆ, ರೊಟ್ಟಿಯ ಜೊತೆ ಬಡಿಸಿಕೊಂಡ 155 ಗ್ರಾಂ ಎಂದರೆ ಕಾಲು ಪಾಲು. ಮಾಂಸದಿಂದ ಬಂದ ಪ್ರೋಟೀನ್ ಸುಮಾರು 22 ಗ್ರಾಂ, ಕೊಬ್ಬು 13.5 ಗ್ರಾಂ. ಒಗ್ಗರಣೆಗೆ ಹಾಕಿದ ಎಣ್ಣೆಯನ್ನೂ ಮರೆಯದೆ ಸೇರಿಸಿ: 20 ಗ್ರಾಂ ಎಣ್ಣೆ ಎಂದರೆ 180 ಕ್ಯಾಲೊರಿ, ಅಂದರೆ ಬಸಿದು ಉಳಿಸಿದ 324ರಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಿ ಬಂದ ಹಾಗೆ. ಬಿಲ್ಲೆಯಿಂದಲೇ 10 ಗ್ರಾಂ ತೆಗೆದು ಉಳ್ಳಾಗಡ್ಡಿ ಹುರಿದುಕೊಳ್ಳುವುದು ಚೆನ್ನ. ರುಚಿಯೂ ಇರುತ್ತದೆ, ಲೆಕ್ಕವೂ ಸುಲಭ.

ಈಗ ಯಾವ ಅಳತೆ ಮಾಡಿಸಬೇಕು ಎಂಬ ಪ್ರಶ್ನೆ. ತೊಂಬತ್ತು-ಹತ್ತು ಅರ್ಧ ಕೆಜಿಯಲ್ಲಿ ಹಸಿಯಾಗಿ ಸುಮಾರು 57 ಗ್ರಾಂ ಕೊಬ್ಬು, 93 ಗ್ರಾಂ ಪ್ರೋಟೀನ್. ಎಂಬತ್ತು-ಇಪ್ಪತ್ತಕ್ಕಿಂತ 33 ಗ್ರಾಂ ಕೊಬ್ಬು ಕಡಿಮೆ ಎಂದು ಖುಷಿಯಾಗುತ್ತದೆ. ಆದರೆ ಕೊಬ್ಬು ಕಡಿಮೆ ಇರುವ ಖೀಮಾ ಬಸಿಯುವುದೂ ಕಡಿಮೆ. ಎಂಬತ್ತು-ಇಪ್ಪತ್ತರಲ್ಲಿ ಕೊಬ್ಬಿನ ಹತ್ತು ಪಾಲಿನಲ್ಲಿ ನಾಲ್ಕು ಪಾಲು ಹೊರಗೆ ಬಂದರೆ, ತೊಂಬತ್ತು-ಹತ್ತರಲ್ಲಿ ಒಂದೂವರೆ ಪಾಲಷ್ಟೇ ಬರುತ್ತದೆ. ಉಳಿದದ್ದು ಮಾಂಸದ ಎಳೆಗಳ ನಡುವೆಯೇ ನಿಲ್ಲುತ್ತದೆ. ಬಸಿದ ಮೇಲೆ ತೊಂಬತ್ತು-ಹತ್ತರಲ್ಲಿ ಉಳಿಯುವುದು ಸುಮಾರು 48 ಗ್ರಾಂ, ಎಂಬತ್ತು-ಇಪ್ಪತ್ತರಲ್ಲಿ 54. ಅರ್ಧ ಕೆಜಿಗೆ ಬರೀ ಆರು ಗ್ರಾಂ ವ್ಯತ್ಯಾಸ.

ಹಾಗಾಗಿ ಬಸಿದು ಮಾಡುವ ಒಣ ಖೀಮಾಕ್ಕೆ ಎಂಬತ್ತು-ಇಪ್ಪತ್ತು ಸಾಕು, ಮೆತ್ತಗೂ ಇರುತ್ತದೆ. ಬಸಿಯಲಾಗದ ಅಡುಗೆಗೆ ಮಾತ್ರ ತೊಂಬತ್ತು-ಹತ್ತು ಬೇಕೇ ಬೇಕು: ಪುಟಾಣಿ ಹಿಟ್ಟು ಕಲಸಿದ ಕಬಾಬ್, ಸಾರಿಗೆ ಬಿಡುವ ಕೋಫ್ತಾ, ಕುಕ್ಕರ್‌ನಲ್ಲಿ ನೀರು ಹಾಕಿ ಕೂಗಿಸುವ ಖೀಮಾ. ಹಿಟ್ಟು ಕೊಬ್ಬನ್ನು ಹೀರಿಕೊಳ್ಳುತ್ತದೆ, ಸಾರಿನಲ್ಲಿ ಬಿಟ್ಟದ್ದು ಸಾರಿನ ಜೊತೆಗೇ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಹಸಿ ಲೆಕ್ಕವನ್ನೇ ಪೂರ್ತಿ ಹಿಡಿಯಬೇಕು, ಒಂದು ಗ್ರಾಂ ಕೂಡ ಕಳೆಯಬಾರದು.

ದುಡ್ಡಿನ ಮಾತು ಒಂದಿದೆ. ಚರ್ಬಿಯನ್ನೂ ಮಾಂಸದ ದರದಲ್ಲೇ ತೂಗುತ್ತಾರೆ. ಕೆಜಿಗೆ 800 ರೂಪಾಯಿ ಎಂದು ಹಿಡಿದರೆ ಎಂಬತ್ತು-ಇಪ್ಪತ್ತರ ಅರ್ಧ ಕೆಜಿಯಲ್ಲಿ ಚರ್ಬಿಗೇ 80 ರೂಪಾಯಿ ಹೋಯಿತು, ಅದರಲ್ಲೂ ಬಸಿದು ತೆಗೆದ ಬಿಲ್ಲೆ 29 ರೂಪಾಯಿಯದು. ಪರಿಚಯದ ಗಿರಾಕಿಗಳಿಗೆ ಕೆಲವರು ಮಾಂಸವನ್ನಷ್ಟೇ ತೂಗಿ ಚರ್ಬಿಯನ್ನು ಮೇಲೆ ಹಾಕಿಕೊಡುತ್ತಾರೆ. ಕೇಳಿ ನೋಡಿ, ಆದರೆ ಹಾಗೆ ಕೊಟ್ಟ ದಿನ ಚರ್ಬಿಯನ್ನು ಬೇರೆ ಚೀಲದಲ್ಲಿ ತೂಗಿಸಿಕೊಂಡೇ ಮಷೀನಿಗೆ ಹಾಕಿಸಿ.