ಡಿಜಿಲಾಕರ್: ಮೂರು ವರ್ಷ ಮಾರ್ಕ್ಸ್ ಕಾರ್ಡ್ ಪರಿಶೀಲಿಸಿದ ಮೇಲೆ

ನಾನು ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್. ಕೆಲಸಕ್ಕೆ ಬರುವವರ ಮಾರ್ಕ್ಸ್ ಕಾರ್ಡ್ ಅಸಲಿಯಾ ಅಂತ ನೋಡುವುದು ನನ್ನ ಪಾಲಿನ ಕೆಲಸ. ಮೂರು ವರ್ಷದಿಂದ ಅದಕ್ಕೆ ಡಿಜಿಲಾಕರ್ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕು ಕೊಡ್ತೀನಿ.

ಮೊದಲ ವರ್ಷ ನಾನೇ ಒಂದು ಸಲ ಮೋಸಹೋಗುತ್ತಿದ್ದೆ. ಬಿ.ಕಾಂ ಆಗಿದೆ ಅಂದ ಒಬ್ಬ ಹುಡುಗ ಮೊಬೈಲ್ ಮುಂದಿಟ್ಟು, ‘ನೋಡಿ ಮೇಡಂ, ಡಿಜಿಲಾಕರ್‌ನಲ್ಲೇ ಇದೆ’ ಅಂದ. ಇತ್ತು, ನಿಜ. ಆದರೆ ಅದು ಇದ್ದದ್ದು Drive ಭಾಗದಲ್ಲಿ. ಅಲ್ಲಿಗೆ ಯಾರು ಬೇಕಾದರೂ ತಮ್ಮ ಸ್ಕ್ಯಾನ್ ಹಾಕಿಕೊಳ್ಳಬಹುದು, ಅದನ್ನು ಯಾರೂ ಪರಿಶೀಲಿಸಿರುವುದಿಲ್ಲ. Issued ಭಾಗಕ್ಕೆ ಬರುವುದು ಮಾತ್ರ ಬೋರ್ಡ್ ಅಥವಾ ವಿಶ್ವವಿದ್ಯಾಲಯದ ದಾಖಲೆಯಿಂದಲೇ. ಕಾನೂನಿನಲ್ಲಿ ಮೂಲ ಪ್ರತಿಗೆ ಸಮ ಆಗುವುದೂ ಅದೇ.

ಸುಮ್ನೆ ಅನುಮಾನಕ್ಕೆ ಅಂಕಗಳನ್ನು ಕೂಡಿದೆ. 61, 54, 72, 48, 66, 59. ಒಟ್ಟು 360 ಬಂತು. ಕಾರ್ಡ್‌ನಲ್ಲಿ 340 ಅಂತಿತ್ತು, ಅಕ್ಷರದಲ್ಲೂ ಮುನ್ನೂರ ನಲವತ್ತು. 20 ಎಲ್ಲಿಂದ ಬಂತು? 48ರ ಜಾಗದಲ್ಲಿ ಮೊದಲು 28 ಇದ್ದಿರಬೇಕು. ತಿದ್ದಿದವರು ಒಟ್ಟು ತಿದ್ದುವುದನ್ನು ಮರೆತಿದ್ದರು!

ಇಷ್ಟಕ್ಕೇ ನಕಲಿ ಅಂತ ಹೇಳುವಂತಿರಲಿಲ್ಲ. Issued ಭಾಗದಲ್ಲಿ ಸಿಗದಿದ್ದರೆ ನಕಲಿ ಅಂತಲೂ ಅಲ್ಲ. ಹಳೆಯ ಕಾರ್ಡ್‌ಗಳು ಎಷ್ಟೋ ಅಲ್ಲಿಗೆ ಸೇರಿಯೇ ಇರುವುದಿಲ್ಲ. ಹಾಗಾಗಿ ಜೆರಾಕ್ಸ್ ಪ್ರತಿ, ರಿಜಿಸ್ಟರ್ ನಂಬರ್, ಶುಲ್ಕ ಕಟ್ಟಿದ ರಸೀದಿ ಸೇರಿಸಿ ಆ ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಅವರಿಗೆ ನೈಜತೆ ಪರಿಶೀಲನೆಗೆ ಬರೆದೆ. ಐದು ವಾರದ ಮೇಲೆ ಉತ್ತರ ಬಂತು: ಆ ವಿಷಯದಲ್ಲಿ 28, ಅನುತ್ತೀರ್ಣ. ಹುಡುಗ ಅಷ್ಟರಲ್ಲಿ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಈಗ ಪಿಡಿಎಫ್ ಕಳಿಸಿ ಅಂತ ಕೇಳುವುದೇ ಇಲ್ಲ. ನನ್ನ ಎದುರೇ ಲಾಗಿನ್ ಆಗಿ Issued ತೆರೆಯಿರಿ ಅನ್ನುತ್ತೇನೆ. ಕ್ಯೂಆರ್ ಕೋಡ್ ಇದ್ದರೆ ಡಿಜಿಲಾಕರ್ ಆಪ್‌ನ ಸ್ಕ್ಯಾನರ್‌ನಿಂದಲೇ ನೋಡುತ್ತೇನೆ. ಮಾಮೂಲಿ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದರೆ, ನಕಲಿ ಕೋಡ್ ನಿಮ್ಮನ್ನು ನಕಲಿ ವೆಬ್‌ಸೈಟಿಗೇ ಕರೆದುಕೊಂಡು ಹೋಗಬಹುದು, ಅಲ್ವಾ? ಪಿಡಿಎಫ್ ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಎಷ್ಟೋ ಸಲ ನಿಮ್ಮ ಕಂಪ್ಯೂಟರ್ ಆ ಸಹಿ ಕೊಟ್ಟವರನ್ನು ಇನ್ನೂ ನಂಬಿರುವುದಿಲ್ಲ, ಅಷ್ಟೇ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇನಿಷಿಯಲ್‌ಗಾಗಿ. ಆಧಾರ್‌ನಲ್ಲಿರುವ ಹೆಸರು ಮಾರ್ಕ್ಸ್ ಕಾರ್ಡ್‌ಗೆ ಹೊಂದದಿದ್ದರೆ ದಾಖಲೆ ಬರದೇ ಹೋಗಬಹುದು. ನಮ್ಮ ಕಡೆ ಒಂದು ಕಡೆ ‘ಎಚ್’, ಇನ್ನೊಂದು ಕಡೆ ‘ಎಚ್ ಆರ್’ ಇರುವುದು ಮಾಮೂಲು. ಶಿರಾ ಕಡೆಯ ಒಬ್ಬ ಹುಡುಗಿ, ಅಸಲಿ ಕಾರ್ಡ್ ಕೈಯಲ್ಲಿಟ್ಟುಕೊಂಡೇ, ಆ ಒಂದು ‘ಆರ್’ಗಾಗಿ ಹನ್ನೆರಡು ದಿನ ತಡವಾಗಿ ಕೆಲಸಕ್ಕೆ ಸೇರಿದಳು.